ಚಿಕ್ಕ ಎಐ ಚಿತ್ರವನ್ನು ದೊಡ್ಡದು ಮಾಡೋದು: ಹೈರೆಸ್ ಫಿಕ್ಸಾ, ಲೇಟೆಂಟಾ, ಆಮೇಲೆ ಅಪ್‌ಸ್ಕೇಲಾ?

ಗೋಣಿಕೊಪ್ಪದ ಹತ್ತಿರ ತೋಟ ಇರುವ ಗೆಳೆಯನೊಬ್ಬ ತನ್ನ ರೋಬಸ್ಟಾವನ್ನು ಹುರಿದು, ಪುಡಿ ಮಾಡಿ, ಪ್ಯಾಕೆಟ್ಟಿನಲ್ಲಿ ಮಾರಲು ಹೊರಟಿದ್ದಾನೆ. ಲೇಬಲ್ಲಿಗೆ ಒಂದು ಚಿತ್ರ ಬೇಕಾಗಿತ್ತು. ಸ್ಟೇಬಲ್ ಡಿಫ್ಯೂಷನ್ನಿನಲ್ಲಿ ತಾನೇ ಮಾಡಿಕೊಂಡ. ತಲೆಗೆ ವಸ್ತ್ರ ಕಟ್ಟಿದ ಹೆಂಗಸು ಕಾಫಿ ಕುಯ್ಯುತ್ತಿದ್ದಾಳೆ, ಹಿಂದೆ ಸಿಲ್ವರ್ ಮರಗಳು, ಮುಂದೆ ಹಣ್ಣು ತುಂಬಿದ ಒಂದು ರೆಕ್ಕೆ, ಅಂದರೆ ಕಾಫಿ ಗಿಡದ ಕೊಂಬೆ. ಮೊಬೈಲಿನಲ್ಲಿ ನೋಡಿದರೆ ಚೆನ್ನಾಗೇ ಇತ್ತು. ಕುಶಾಲನಗರದ ಪ್ರೆಸ್ಸಿಗೆ ಕಳಿಸಿದ. ಅವರು ಒಂದೇ ಮಾತು ಹೇಳಿದರು: "ಅಣ್ಣ, ಇದು ಒಡೆಯುತ್ತೆ."

ಒಡೆಯದೆ ಏನು ಮಾಡುತ್ತೆ? ಚಿತ್ರ ಇದ್ದದ್ದು 512×768 ಪಿಕ್ಸೆಲ್. ಸಂಜೆ ನನಗೆ ಫೋನ್ ಬಂತು. "ಹೈರೆಸ್ ಫಿಕ್ಸ್ ಒತ್ತಲಾ, ಇಲ್ಲಾ ಇದನ್ನೇ ಆಮೇಲೆ ಅಪ್‌ಸ್ಕೇಲ್ ಮಾಡಲಾ? ಆ ಪಟ್ಟಿಯಲ್ಲಿ ಲೇಟೆಂಟ್ ಅಂತ ಬೇರೆ ನಾಲ್ಕೈದು ಇದಾವಲ್ಲ ಮಾರಾಯ!"

ಇದೇ ಪ್ರಶ್ನೆ ಹೋಂಸ್ಟೇ ನಡೆಸುವವರಿಂದ, ಮದುವೆ ಕಾರ್ಡ್ ಮಾಡುವವರಿಂದ ನನಗೆ ಆಗಾಗ ಬರುತ್ತದೆ. ಹಾಗಾಗಿ ಆ ಲೇಬಲ್ಲನ್ನೇ ಮುಂದಿಟ್ಟುಕೊಂಡು ಒಂದು ಸಲ ಬಿಡಿಸಿ ಬರೆಯುತ್ತೇನೆ. ನಾನು ಹೇಳುವುದು ಸ್ಟೇಬಲ್ ಡಿಫ್ಯೂಷನ್ ಓಡಿಸುವ `AUTOMATIC1111` ವೆಬ್ ಯುಐ ಲೆಕ್ಕದಲ್ಲಿ. ಫೋರ್ಜ್ ಬಳಸುವವರಿಗೂ ಹೆಚ್ಚುಕಡಿಮೆ ಇದೇ ಪರದೆ ಸಿಗುತ್ತದೆ. ಕಂಫಿ ಯುಐ ಬಗ್ಗೆ ಕೊನೆಯ ಹತ್ತಿರ ಎರಡು ಮಾತು ಇದೆ.

ಮೊದಲು ನಾಲ್ಕು ಪ್ರಶ್ನೆ

ದಾರಿ ಯಾವುದು ಅಂತ ಕೇಳುವ ಮೊದಲು ಎಲ್ಲಿಗೆ ಹೋಗಬೇಕು ಅಂತ ಗೊತ್ತಿರಬೇಕು, ಅಲ್ವಾ? ಕೊನೆಗೆ ಎಷ್ಟು ಪಿಕ್ಸೆಲ್ ಬೇಕು ಅನ್ನುವುದನ್ನು ಮೊದಲೇ ಲೆಕ್ಕ ಹಾಕಿ. ಗೆಳೆಯನ ಲೇಬಲ್ 10×15 ಸೆಂ.ಮೀ. ಕಟಿಂಗಿಗೆ ಸುತ್ತ 3 ಮಿ.ಮೀ. ಬ್ಲೀಡ್ ಬಿಟ್ಟರೆ 10.6×15.6. ಇಂಚಿಗೆ 300 ಪಿಕ್ಸೆಲ್ ಹಿಡಿದರೆ ಸುಮಾರು 1252×1843. ಅಂದರೆ ಇರುವ ಚಿತ್ರದ ಎರಡೂವರೆ ಪಟ್ಟಿಗೆ ಸ್ವಲ್ಪ ಕಡಿಮೆ. ಅಷ್ಟೇ! ಎಷ್ಟೋ ಜನ ಸುಮ್ನೆ ನಾಲ್ಕು ಪಟ್ಟು, ಎಂಟು ಪಟ್ಟು ಅಂತ ಹೊರಟು, ಆಮೇಲೆ ಗ್ರಾಫಿಕ್ಸ್ ಕಾರ್ಡ್ ಸಾಲಲ್ಲ ಅಂತ ಕೂರುತ್ತಾರೆ. ಬರೀ ವಾಟ್ಸಾಪ್ ಸ್ಟೇಟಸ್ಸಿಗೆ ಆದರೆ ಎರಡು ಪಟ್ಟೇ ಧಾರಾಳ. ಅದು ಹೇಗಿದ್ದರೂ ಚಿತ್ರವನ್ನು ಕುಗ್ಗಿಸಿಯೇ ಕಳಿಸುತ್ತದೆ.

ಎರಡನೆಯದು, ಚಿತ್ರದಲ್ಲಿ ಕಡಿಮೆ ಇರುವುದು ಅಳತೆಯೋ ವಿವರವೋ? ಮುಖ, ಕೈ, ಎಲೆ ಎಲ್ಲ ಸರಿಯಾಗಿದ್ದು ಬರೀ ಚಿಕ್ಕದಾಗಿದ್ದರೆ ಅದು ಅಳತೆಯ ಸಮಸ್ಯೆ. ದೂರದ ಮುಖ ಕಲಸಿಹೋಗಿದ್ದರೆ ಅದು ವಿವರದ ಸಮಸ್ಯೆ. ಎರಡಕ್ಕೂ ಮದ್ದು ಬೇರೆ.

ಮೂರನೆಯದು, ಚಿತ್ರ ಎಷ್ಟು ಬದಲಾದರೆ ನಿಮಗೆ ಪರವಾಗಿಲ್ಲ? ಇನ್ನೂ ಹುಡುಕಾಟದಲ್ಲಿದ್ದರೆ ಬದಲಾಗಲಿ ಬಿಡಿ. ಗಿರಾಕಿ ನೋಡಿ "ಇದೇ ಇರಲಿ" ಎಂದ ಮೇಲೆ ಒಂದು ಕಾಯಿಯ ಬಣ್ಣ ಬದಲಾದರೂ ಮಾತು ಬರುತ್ತದೆ.

ನಾಲ್ಕನೆಯದು ಕಾರ್ಡು. ನನ್ನದು 6 ಜಿಬಿ ಇರುವ ಎನ್ವಿಡಿಯಾ ಲ್ಯಾಪ್‌ಟಾಪ್. ಇಲ್ಲಿ ಹೇಳುವ ಸಮಯವೆಲ್ಲ ಅದರದ್ದು.

ಚಿಕ್ಕದಾಗಿಯೇ ಯಾಕೆ ಶುರು ಮಾಡಬೇಕು?

ನೇರವಾಗಿ 1024×1536 ಅಂತ ಕೊಟ್ಟುಬಿಟ್ಟರೆ ಆಗಲ್ವಾ ಅಂತ ಗೆಳೆಯ ಕೇಳಿದ. ಕೊಟ್ಟು ನೋಡು ಎಂದೆ. ಒಬ್ಬಳ ಬದಲು ಇಬ್ಬರು ಬಂದರು, ಒಬ್ಬಳ ತಲೆಯ ಮೇಲೆ ಇನ್ನೊಬ್ಬಳ ಸೊಂಟ. ಸ್ಟೇಬಲ್ ಡಿಫ್ಯೂಷನ್ 1.5 ಕಲಿತದ್ದು 512×512ರ ಚಿತ್ರಗಳ ಮೇಲೆ. ದೊಡ್ಡ ಹಾಳೆ ಕೊಟ್ಟರೆ ಅದಕ್ಕೆ ಇಡೀ ಹಾಳೆ ಒಂದೇ ಚಿತ್ರ ಅನ್ನುವ ಅಂದಾಜು ತಪ್ಪುತ್ತದೆ. ಅದಕ್ಕೇ ಜನ ಮೊದಲು ಚಿಕ್ಕದಾಗಿ ಮಾಡಿ ಆಮೇಲೆ ದೊಡ್ಡದು ಮಾಡುವುದು. ಎಸ್‌ಡಿಎಕ್ಸ್‌ಎಲ್ ಬಳಸುವವರಿಗೆ ಆ ಮೂಲ ಅಳತೆಯೇ 1024×1024. ಅವರಿಗೆ ಹೈರೆಸ್ ಫಿಕ್ಸಿನ ಹಂಗು ಅಷ್ಟು ಜಾಸ್ತಿ ಇಲ್ಲ, ಬೇಕಾದರೂ ಒಂದೂವರೆ ಪಟ್ಟು ಸಾಕಾಗುತ್ತದೆ.

ಇನ್ನೊಂದು ಮಾತು ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ಮಾಡೆಲ್ ಚಿತ್ರ ಬಿಡಿಸುವುದು ಪಿಕ್ಸೆಲ್ಲಿನಲ್ಲಿ ಅಲ್ಲ. ಲೇಟೆಂಟ್ ಅನ್ನುವ ಇನ್ನೂ ಚಿಕ್ಕ ಜಾಗದಲ್ಲಿ. ಅಲ್ಲಿನ ಒಂದು ಮನೆ ಅಂದರೆ ಇಲ್ಲಿನ 8×8 ಪಿಕ್ಸೆಲ್. ಒಂದೊಂದು ಮನೆಯಲ್ಲಿ ಬರೀ ನಾಲ್ಕು ಸಂಖ್ಯೆ. 512×768ರ ಚಿತ್ರ ಅಲ್ಲಿ 64×96 ಮನೆ ಮಾತ್ರ. ಕೊನೆಯಲ್ಲಿ ವಿಎಇ ಅನ್ನುವ ಭಾಗ ಅದನ್ನು ಬಿಡಿಸಿ ಪಿಕ್ಸೆಲ್ ಮಾಡುತ್ತದೆ. ಈಗ ನಮ್ಮ ಹೆಂಗಸಿನ ಮುಖ ನೋಡಿ. ಚಿತ್ರದಲ್ಲಿ ಅದು 40 ಪಿಕ್ಸೆಲ್ ಅಗಲ ಇತ್ತು. ಲೇಟೆಂಟಿನಲ್ಲಿ ಐದು ಮನೆ. ಐದು ಮನೆಯಲ್ಲಿ ಎರಡು ಕಣ್ಣು, ಮೂಗು, ಬಾಯಿ ಎಲ್ಲ ಹಿಡಿಸಬೇಕು. ಹಿಡಿಸುವುದಿಲ್ಲ. ದೂರದ ಮುಖಗಳು ಕಲಸಿದ ಅನ್ನದ ಹಾಗೆ ಬರುವುದು ಇದೇ ಕಾರಣಕ್ಕೆ.

ಹೈರೆಸ್ ಫಿಕ್ಸ್: ಎರಡನೇ ಸಲ ಬಿಡಿಸುವುದು

ಹೆಸರು ಕೇಳಿದರೆ ಯಾವುದೋ ರಿಪೇರಿ ಅನ್ನಿಸುತ್ತದೆ. ನಡೆಯುವುದು ಇಷ್ಟು: ಮೊದಲು ಚಿಕ್ಕ ಚಿತ್ರ ಪೂರ್ತಿ ಆಗುತ್ತದೆ. ಅದನ್ನು ಹಿಗ್ಗಿಸುತ್ತಾರೆ. ಹಿಗ್ಗಿಸಿದ್ದರ ಮೇಲೆ ಸ್ವಲ್ಪ ನಾಯ್ಸ್, ಅಂದರೆ ಅಡ್ಡಾದಿಡ್ಡಿ ಚುಕ್ಕಿ, ಎರಚಿ, ಅದೇ ಪ್ರಾಂಪ್ಟ್ ಕೊಟ್ಟು, ದೊಡ್ಡ ಅಳತೆಯಲ್ಲಿ ಇನ್ನೊಂದು ಸಲ ಬಿಡಿಸುತ್ತಾರೆ. ಎಷ್ಟು ನಾಯ್ಸ್ ಅನ್ನುವುದೇ `Denoising strength`. ಸೊನ್ನೆ ಅಂದರೆ ಮುಟ್ಟಬೇಡ, ಒಂದು ಅಂದರೆ ಹೊಸದಾಗಿಯೇ ಬರೆ.

ಎರಡು ಪಟ್ಟು ಹಿಗ್ಗಿದ ಮೇಲೆ ಆ ಮುಖಕ್ಕೆ ಐದರ ಬದಲು ಹತ್ತು ಮನೆ ಸಿಗುತ್ತದೆ. ಈಗ ಕಣ್ಣು ಬರೆಯಲು ಜಾಗ ಇದೆ. ಹೈರೆಸ್ ಫಿಕ್ಸ್ ಮುಖ ಸರಿಮಾಡುತ್ತದೆ ಎನ್ನುತ್ತಾರಲ್ಲ, ಅದರಲ್ಲಿ ಮಾಯೆ ಏನೂ ಇಲ್ಲ. ಜಾಗ ಸಿಕ್ಕಿತು, ಬಿಡಿಸಿತು. ಬೇರೆ ಹೆಜ್ಜೆಯಾಗಿ ಅಪ್‌ಸ್ಕೇಲ್ ಮಾಡಿದರೆ ಇದು ಎಂದೂ ಸಿಗುವುದಿಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಬೆಲೆ ಕೊಡುವುದು ಮೆಮೊರಿಯಲ್ಲಿ ಮತ್ತು ಸಮಯದಲ್ಲಿ. ಎರಡು ಪಟ್ಟು ಅಂದರೆ ಮನೆಗಳು ನಾಲ್ಕು ಪಟ್ಟು. ಮಾಡೆಲ್ಲಿನ ಅಟೆನ್ಷನ್ ಅನ್ನುವ ಭಾಗ ಪ್ರತಿ ಮನೆಯನ್ನೂ ಬೇರೆ ಪ್ರತಿ ಮನೆಯ ಜತೆ ಹೋಲಿಸಿ ನೋಡುತ್ತದೆ. ಆ ಲೆಕ್ಕ ಹದಿನಾರು ಪಟ್ಟು. ನನ್ನ ಲ್ಯಾಪ್‌ಟಾಪಿನಲ್ಲಿ ಚಿಕ್ಕ ಚಿತ್ರ ಹತ್ತು ಸೆಕೆಂಡಿನ ಒಳಗೆ ಬರುತ್ತದೆ. ಹೈರೆಸ್ ಸೇರಿದರೆ ಅರ್ಧ ನಿಮಿಷ ದಾಟುತ್ತದೆ. ಮೆಮೊರಿ ಸಾಲದಿದ್ದರೆ ಕೆಳಗೆ ಈ ಸಾಲು ಬಂದು ಕೂರುತ್ತದೆ:

```
OutOfMemoryError: CUDA out of memory.
```

ಆಗ ಪಟ್ಟನ್ನು 2ರಿಂದ 1.5ಕ್ಕೆ ಇಳಿಸಿ. ಇಲ್ಲವೇ ಶುರು ಮಾಡುವಾಗಲೇ `--medvram` ಹಾಕಿ. ನಿಧಾನ ಆಗುತ್ತದೆ, ಆದರೆ ಓಡುತ್ತದೆ.

ಒಳಗಿನ ಕವಲು: ಲೇಟೆಂಟೋ, ಇಎಸ್‌ಆರ್‌ಗ್ಯಾನೋ?

ಜನ ಎಡವುವುದು ಇಲ್ಲಿ. ಹೈರೆಸ್ ಫಿಕ್ಸ್ ಟಿಕ್ ಮಾಡಿದ ಕೂಡಲೇ `Upscaler` ಜಾಗದಲ್ಲಿ `Latent` ಇರುತ್ತದೆ, `Denoising strength` 0.7 ಇರುತ್ತದೆ. ಯಾರೂ ಅದನ್ನು ಮುಟ್ಟುವುದಿಲ್ಲ. ಆಮೇಲೆ "ಹೈರೆಸ್ ಫಿಕ್ಸ್ ನನ್ನ ಚಿತ್ರವನ್ನೇ ಬದಲಾಯಿಸಿತು" ಅಂತ ದೂರು. ಬದಲಾಯಿಸದೆ ಇನ್ನೇನು? 0.7 ಅಂದರೆ ಮುಕ್ಕಾಲುಪಾಲು ಹೊಸದಾಗಿ ಬರೆ ಎಂದ ಹಾಗೆ.

ಹಾಗಾದರೆ ಕಡಿಮೆ ಮಾಡೋಣ ಅಂತ ಗೆಳೆಯ ಲೇಟೆಂಟಿನಲ್ಲೇ 0.3 ಇಟ್ಟ. ಚಿತ್ರ ಬದಲಾಗಲಿಲ್ಲ. ಆದರೆ ಜುಲೈ ತಿಂಗಳ ಮಡಿಕೇರಿ ಆಯಿತು. ಎಲ್ಲದರ ಮೇಲೂ ಮಂಜು. ಎಲೆಯ ಅಂಚು ಕರಗಿದೆ, ಕೆನ್ನೆಯ ಮೇಲೆ ಮಾಸಿದ ಚುಕ್ಕಿ ಚುಕ್ಕಿ.

ಕಾರಣ ಇಷ್ಟೇ. ಲೇಟೆಂಟ್ ಅಪ್‌ಸ್ಕೇಲಿನಲ್ಲಿ ಆ 64×96 ಮನೆಗಳ ಸಂಖ್ಯೆಗಳನ್ನೇ ಹಿಗ್ಗಿಸುತ್ತಾರೆ. ಅಕ್ಕಪಕ್ಕದ ಎರಡು ಮನೆಗಳ ನಡುವೆ ಸರಾಸರಿ ಹಾಕಿ ಹೊಸ ಮನೆ ತುಂಬುತ್ತಾರೆ. ಪಿಕ್ಸೆಲ್ಲಿನಲ್ಲಿ ಕೆಂಪು, ಹಸಿರಿನ ಸರಾಸರಿ ಹಾಕಿದರೆ ಒಂದು ಕಂದು ಬಣ್ಣವಾದರೂ ಬರುತ್ತದೆ. ಲೇಟೆಂಟಿನ ಸಂಖ್ಯೆ ಬಣ್ಣ ಅಲ್ಲ, ಅದೊಂದು ಗುಟ್ಟು ಬರಹ. ಎರಡು ಗುಟ್ಟು ಬರಹದ ಸರಾಸರಿ ತೆಗೆದರೆ ಬಿಡಿಸುವವನಿಗೆ ಅದು ಅರ್ಥವಾಗುವುದಿಲ್ಲ. ವಿಎಇ ಅದನ್ನು ಮಸುಕಾಗಿ ಬಿಡಿಸಿಡುತ್ತದೆ. ಈ ಮಸುಕನ್ನು ತೆಗೆಯಬೇಕಾದರೆ ಸಾಕಷ್ಟು ನಾಯ್ಸ್ ಹಾಕಿ ಮೇಲೆ ಹೊಸದಾಗಿ ಬರೆಸಬೇಕು. ನನ್ನ ಅನುಭವದಲ್ಲಿ 0.5ಕ್ಕಿಂತ ಕೆಳಗೆ ಲೇಟೆಂಟ್ ಉಪಯೋಗಕ್ಕೆ ಬರುವುದಿಲ್ಲ, 0.55ರಿಂದ 0.65ರಲ್ಲಿ ಚೆನ್ನಾಗಿ ತೆರೆದುಕೊಳ್ಳುತ್ತದೆ.

ಪಟ್ಟಿಯಲ್ಲಿ ಕೆಳಗಿರುವ `R-ESRGAN 4x+`, ಅಂದರೆ ಚಿತ್ರ ಹಿಗ್ಗಿಸಲೆಂದೇ ಕಲಿತ ಬೇರೊಂದು ಮಾಡೆಲ್, ಆರಿಸಿದರೆ ದಾರಿ ಬೇರೆ. ಚಿಕ್ಕ ಚಿತ್ರವನ್ನು ಮೊದಲು ಪಿಕ್ಸೆಲ್ಲಿಗೆ ಬಿಡಿಸುತ್ತದೆ. ಇಎಸ್‌ಆರ್‌ಗ್ಯಾನ್ ಅದನ್ನು ಅಂಚು ಹರಿತವಾಗಿ ಹಿಗ್ಗಿಸುತ್ತದೆ. ಮತ್ತೆ ಲೇಟೆಂಟಿಗೆ ಮಡಿಸಿ ಎರಡನೇ ಸುತ್ತು ಓಡಿಸುತ್ತದೆ. ಈಗ ಅಡಿಯಲ್ಲಿರುವುದು ಹರಿತವಾದ ಚಿತ್ರ. ಹಾಗಾಗಿ 0.25, 0.3 ಇಟ್ಟರೂ ಮಸುಕಿಲ್ಲ. ಎಷ್ಟು ಬದಲಾಗಬೇಕು ಅನ್ನುವ ತಿರುಪು ಪೂರ್ತಿ ನಿಮ್ಮ ಕೈಯಲ್ಲಿ. ಒಂದು ಸಲ ಹೆಚ್ಚು ಬಿಡಿಸಿ ಮಡಿಸುವುದರಿಂದ ಕೆಲವು ಸೆಕೆಂಡ್ ಜಾಸ್ತಿ, ಅಷ್ಟೇ ನಷ್ಟ.

ನಮ್ಮ ಲೇಬಲ್ಲಿನಲ್ಲಿ ಇವೆರಡರ ವ್ಯತ್ಯಾಸ ಕಂಡದ್ದು ಮುಂದಿನ ಆ ರೆಕ್ಕೆಯಲ್ಲಿ. ಕಾಫಿ ಹಣ್ಣಿಗೆ ತೊಟ್ಟು ಇದ್ದೂ ಇಲ್ಲದ ಹಾಗೆ. ಎದುರುಬದುರು ಎಲೆ ಹುಟ್ಟುವ ಗೆಣ್ಣಿಗೇ ಗೊಂಚಲಾಗಿ ಅಂಟಿಕೊಂಡಿರುತ್ತದೆ. ಗೆಳೆಯನ ಚಿಕ್ಕ ಚಿತ್ರದಲ್ಲಿ ಅದು ಅದೃಷ್ಟಕ್ಕೆ ಸರಿಯಾಗಿ ಬಂದಿತ್ತು. ಕೆಂಪು ಹಣ್ಣಿನ ನಡುವೆ ಎರಡು ಹಸಿರು ಕಾಯಿ ಕೂಡ ಇದ್ದವು. ಅವನು ಇಪ್ಪತ್ತು ಚಿತ್ರದಲ್ಲಿ ಇದನ್ನೇ ಆರಿಸಿದ್ದು ಆ ಎರಡು ಕಾಯಿಗಾಗಿ. ಲೇಟೆಂಟ್ 0.65ರಲ್ಲಿ ಓಡಿಸಿದಾಗ ಎಲೆಯ ನರ, ತಲೆವಸ್ತ್ರದ ಮಡಿಕೆ ಎಲ್ಲ ನಿಜಕ್ಕೂ ಸೊಗಸಾಗಿ ಬಂತು. ಆದರೆ ಹಣ್ಣುಗಳಿಗೆ ಒಂದೊಂದು ಇಂಚು ಉದ್ದದ ತೊಟ್ಟು ಬಂತು. ಥೇಟ್ ಚೆರಿ. ಹಸಿರು ಕಾಯಿ ಎರಡೂ ಮಾಯ, ಎಲ್ಲವೂ ಒಂದೇ ಕೆಂಪು. ಮಾಡೆಲ್ಲಿಗೆ ಗೊತ್ತಿರುವ ಕೆಂಪು ಹಣ್ಣು ಅದು, ಬಿಟ್ಟುಕೊಟ್ಟರೆ ಅದನ್ನೇ ಬರೆಯುತ್ತದೆ. ಮೈಸೂರಿನವರು ಮೋಸ ಹೋಗಬಹುದು, ಕೊಡಗಿನಲ್ಲಿ ಆ ಪ್ಯಾಕೆಟ್ ಹಿಡಿದು ಅಂಗಡಿಗೆ ಹೋದರೆ ನಗುತ್ತಾರೆ.

ಸೀರೆಯದ್ದೂ ಇದೇ ಕತೆ. ಕೊಡವತಿಯರು ಉಡುವ ಹಾಗೆ ನೆರಿಗೆ ಹಿಂದಕ್ಕೆ ಇರುವ ಚಿತ್ರವನ್ನು ಹೇಗೋ ಹರಸಾಹಸ ಮಾಡಿ ತೆಗೆದಿರುತ್ತೀರಿ. ಡಿನಾಯ್ಸಿಂಗ್ ಏರಿಸಿ ಎರಡನೇ ಸುತ್ತು ಓಡಿಸಿದರೆ ನೆರಿಗೆ ಮುಂದಕ್ಕೆ ಬರಲು ನೋಡುತ್ತದೆ. ಮಾಡೆಲ್ ಅಪರೂಪಕ್ಕೆ ನೋಡಿದ ವಿಷಯ ಯಾವುದೇ ಇರಲಿ, ಅಲ್ಲಿ ತಿರುಪನ್ನು ಕೆಳಗೇ ಇಡಿ.

`R-ESRGAN 4x+` ಹಾಕಿ 0.35ರಲ್ಲಿ ಓಡಿಸಿದೆವು. ತೊಟ್ಟು ಬರಲಿಲ್ಲ. ಎರಡು ಕಾಯಿ ಹಸಿರಾಗಿಯೇ ಉಳಿದವು. ಮುಖಕ್ಕೆ ಕಣ್ಣು ಬಂತು. ಎಲೆಯ ನರ ಲೇಟೆಂಟಿನಷ್ಟು ಸಮೃದ್ಧ ಅಲ್ಲ, ಒಪ್ಪುತ್ತೇನೆ. 0.5ಕ್ಕೆ ಏರಿಸಿದಾಗ ನರ ಹೆಚ್ಚಿತು, ಜತೆಗೆ ಬುಟ್ಟಿ ಹಿಡಿದ ಕೈಗೆ ಒಂದು ಬೆರಳೂ ಹೆಚ್ಚಿತು.

ನಿಮ್ಮ ಚಿತ್ರಕ್ಕೆ ಯಾವ ಅಂಕಿ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಹುಡುಕುವ ದಾರಿ ಹೇಳಬಲ್ಲೆ. ಚಿತ್ರ ಯಾವ ನಾಯ್ಸಿನಿಂದ ಶುರುವಾಗಬೇಕು ಅನ್ನುವ ಅಂಕಿಯೇ ಸೀಡ್, ಅದನ್ನು ಗಟ್ಟಿ ಮಾಡಿ. ಕೆಳಗೆ `Script` ಪಟ್ಟಿಯಲ್ಲಿ `X/Y/Z plot` ಆರಿಸಿ, `X type` ಜಾಗಕ್ಕೆ `Denoising`, ಬೆಲೆಗಳ ಜಾಗಕ್ಕೆ `0.25, 0.35, 0.45, 0.55` ಹಾಕಿ ಓಡಿಸಿ. ನಾಲ್ಕೂ ಒಂದೇ ಸಾಲಿನಲ್ಲಿ ಬರುತ್ತವೆ. ಅವುಗಳನ್ನು ಪೂರ್ತಿ ಗಾತ್ರದಲ್ಲಿ ತೆರೆದು ಮೂರೇ ಜಾಗ ನೋಡಿ: ಕಣ್ಣು, ಬೆರಳು, ಮತ್ತೆ ನಿಮಗೆ ಚಿತ್ರದಲ್ಲಿ ಮುಖ್ಯವಾದದ್ದು. ನಮಗೆ ಅದು ಹಣ್ಣಿನ ಗೊಂಚಲು. ಕೆಡಲು ಶುರುವಾದ ಅಂಕಿಗಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲಿ.

ಹಾಗಾದರೆ ಲೇಟೆಂಟ್ ಯಾರಿಗೆ? ಚಿತ್ರ ಬದಲಾದರೂ ಪರವಾಗಿಲ್ಲ ಅನ್ನುವವರಿಗೆ. ಕಾಡು, ಮೋಡ, ಕಲ್ಲು, ನೀರು ಇರುವ ದೃಶ್ಯಗಳಲ್ಲಿ ಅದು ತುಂಬುವ ವಿವರ ನನಗೂ ಇಷ್ಟ. ತಡಿಯಂಡಮೋಳಿನ ಹಾಗೆ ಕಾಣುವ ಒಂದು ಹುಲ್ಲುಗುಡ್ಡ ಬೇಕು ಎಂದಾಗ ನಾನು ಲೇಟೆಂಟೇ ಹಾಕುತ್ತೇನೆ. ಹುಲ್ಲಿನಲ್ಲಿ ಆರನೇ ಬೆರಳು ಯಾರಿಗೂ ಕಾಣುವುದಿಲ್ಲ. (ಅದನ್ನು ಹೋಂಸ್ಟೇ ಜಾಹೀರಾತಿಗೆ ಹಾಕಬೇಡಿ ಮಾರಾಯ್ರೆ. ಬಂದವರು "ಆ ಗುಡ್ಡ ಎಲ್ಲಿ?" ಅಂತ ಕೇಳಿದರೆ ತೋರಿಸಲು ಗುಡ್ಡ ಬೇಕಲ್ಲ.)

ಆಮೇಲೆ, ಬೇರೆಯಾಗಿ ಅಪ್‌ಸ್ಕೇಲ್

ಇದು `Extras` ಟ್ಯಾಬಿನ ಕೆಲಸ. ಚಿತ್ರ ಹಾಕಿ, `Resize` 4 ಇಟ್ಟು, `R-ESRGAN 4x+` ಆರಿಸಿ, ಒತ್ತಿ. ಪ್ರಾಂಪ್ಟ್ ಇಲ್ಲ, ನಾಯ್ಸ್ ಇಲ್ಲ, ಸೀಡ್ ಇಲ್ಲ. ಕೆಲವೇ ಸೆಕೆಂಡಿನಲ್ಲಿ 512×768 ಹೋಗಿ 2048×3072 ಆಗುತ್ತದೆ. ಚಿತ್ರವನ್ನು ಚಿಕ್ಕ ಚಿಕ್ಕ ಚೌಕ ಮಾಡಿ ಹಿಗ್ಗಿಸಿ ಜೋಡಿಸುವುದರಿಂದ ಸಣ್ಣ ಕಾರ್ಡಿನಲ್ಲೂ ಮೆಮೊರಿ ತಕರಾರು ಕಡಿಮೆ. ವೆಬ್ ಯುಐ ಕೂಡ ಬೇಡ ಅನ್ನುವವರಿಗೆ ಅಪ್‌ಸ್ಕೇಲ್ ಎನ್ನುವ, `Upscayl` ಅಂತ ಬರೆಯುವ ಉಚಿತ ತಂತ್ರಾಂಶ ಇದೆ. ಅದಕ್ಕೆ ಎನ್ವಿಡಿಯಾವೇ ಬೇಕೆಂದಿಲ್ಲ, ವಲ್ಕನ್ ನಡೆಸುವ ಯಾವುದೇ ಗ್ರಾಫಿಕ್ಸ್ ಸಾಕು. ಖರ್ಚಿಲ್ಲದ ದಾರಿ ಎಂದರೆ ಇದೇ.

ಈ ದಾರಿಯ ಗುಣವೂ ದೋಷವೂ ಒಂದೇ: ಇದು ಹೊಸದಾಗಿ ಏನನ್ನೂ ಬಿಡಿಸುವುದಿಲ್ಲ. ಹೆಂಗಸು ಅವಳೇ, ಕಾಯಿ ಅಷ್ಟೇ, ಬೆರಳು ಐದೇ. ಒಪ್ಪಿಗೆಯಾದ ಚಿತ್ರಕ್ಕೆ ಇದಕ್ಕಿಂತ ಸುರಕ್ಷಿತ ದಾರಿ ಇಲ್ಲ. ಆದರೆ ಇದಕ್ಕೆ ಅದು ಮುಖ ಅಂತ ಗೊತ್ತಿಲ್ಲ. ಅಂಚು ಎಲ್ಲಿ, ಬಣ್ಣ ಎಲ್ಲಿ ಅಂತ ಮಾತ್ರ ನೋಡುತ್ತದೆ. ನಮ್ಮ ಹೆಂಗಸಿನ 40 ಪಿಕ್ಸೆಲ್ಲಿನ ಕಲಸಿದ ಮುಖ ಈಗ 160 ಪಿಕ್ಸೆಲ್ಲಿನ, ಅಂಚು ನೀಟಾಗಿರುವ, ಕಲಸಿದ ಮುಖ ಆಯಿತು. ಮೊದಲು ಕಣ್ಣಿಗೆ ಬೀಳದ ತಪ್ಪು ಈಗ ಎದ್ದು ಕಾಣುತ್ತದೆ.

ಇನ್ನೊಂದು ಗುರುತು ಇದೆ. ಎಲ್ಲ ನುಣ್ಣಗಾಗುತ್ತದೆ. ರಿಯಲ್-ಇಎಸ್‌ಆರ್‌ಗ್ಯಾನ್ 2021ರಲ್ಲಿ ಬಂದದ್ದು. ಹಾಳಾದ, ಕುಗ್ಗಿಸಿದ, ಜೆಪೆಗ್ ಕಲೆ ಬಿದ್ದ ಚಿತ್ರಗಳನ್ನು ಶುಚಿ ಮಾಡುವ ಹಾಗೆ ಅದಕ್ಕೆ ಪಾಠ ಹೇಳಿದ್ದಾರೆ. ಅದಕ್ಕೆ ಕಸ ಮತ್ತು ಮರದ ತೊಗಟೆಯ ಒರಟು ಎರಡೂ ಒಂದೇ ಥರ ಕಾಣುತ್ತದೆ, ಎರಡನ್ನೂ ಒರೆಸಿಬಿಡುತ್ತದೆ. ಕಾಫಿ ಎಲೆ ಹೇಗೂ ಹೊಳೆಯುತ್ತದೆ, ಅದಕ್ಕೆ ತೊಂದರೆ ಕಾಣಲಿಲ್ಲ. ಸಿಲ್ವರ್ ಮರದ ಬೊಡ್ಡೆ ಮಾತ್ರ ಪ್ಲಾಸ್ಟಿಕ್ ಪೈಪಿನ ಹಾಗೆ ಆಯಿತು. ಇದಕ್ಕೊಂದು ಸಣ್ಣ ಉಪಾಯ ಇದೆ. `Extras` ಒಳಗೆ `Upscaler 2` ಅಂತ ಇನ್ನೊಂದು ಜಾಗ ಇದೆ. ಅಲ್ಲಿ `Lanczos` ಹಾಕಿ, `Upscaler 2 visibility` 0.3 ಇಡಿ. ಹಳೆಯ ಒರಟು ಸ್ವಲ್ಪ ವಾಪಸ್ ಸೇರುತ್ತದೆ, ನುಣುಪು ಮುರಿಯುತ್ತದೆ.

ಜೆಪೆಗ್ ಎಂದ ಮೇಲೆ ಒಂದು ಎಚ್ಚರಿಕೆ. ವೆಬ್ ಯುಐ ಕೊಡುವ ಪಿಎನ್‌ಜಿ ಕಡತದ ಒಳಗೆ ಪ್ರಾಂಪ್ಟು, ಸೀಡು, ಅಳತೆ ಎಲ್ಲ ಬರೆದಿರುತ್ತದೆ. `PNG Info` ಟ್ಯಾಬಿಗೆ ಹಾಕಿದರೆ ಓದಿ ಹೇಳುತ್ತದೆ. ಅದನ್ನು ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಆ ಬರಹ ಹೋಗುತ್ತದೆ, ಚಿತ್ರವೂ ಜೆಪೆಗ್ ಆಗಿ ಸೊರಗುತ್ತದೆ. ಸೀಡ್ ಹೋದರೆ ಹೈರೆಸ್ ಫಿಕ್ಸ್ ದಾರಿ ಮುಚ್ಚಿದ ಹಾಗೆ. ಆಮೇಲೆ ಉಳಿಯುವುದು ಈ ಬೇರೆ ಹೆಜ್ಜೆ ಒಂದೇ, ಇಲ್ಲಾ ಇರುವ ಚಿತ್ರದ ಮೇಲೆಯೇ ಮತ್ತೆ ಬಿಡಿಸುವ `img2img`. ಕಳಿಸುವುದಿದ್ದರೆ ಡಾಕ್ಯುಮೆಂಟ್ ಅಂತ ಕಳಿಸಿ.

ನಡುವಿನ ದಾರಿ: ತುಂಡು ತುಂಡಾಗಿ

ಚಿತ್ರ ಕೈಯಲ್ಲಿದೆ, ಸೀಡ್ ಇಲ್ಲ, ವಿವರವೂ ಬೇಕು ಅಂದರೆ `img2img` ಒಳಗೆ `SD upscale` ಸ್ಕ್ರಿಪ್ಟ್ ಇದೆ. ಮೊದಲು ಇಎಸ್‌ಆರ್‌ಗ್ಯಾನ್ ಹಿಗ್ಗಿಸುತ್ತದೆ. ಆಮೇಲೆ 512ರ ತುಂಡುಗಳಾಗಿ ಕತ್ತರಿಸಿ ಒಂದೊಂದನ್ನೂ ಮತ್ತೆ ಬಿಡಿಸುತ್ತದೆ. ಒಂದು ಸಲಕ್ಕೆ ಒಂದೇ ತುಂಡು ಆದ್ದರಿಂದ 4 ಜಿಬಿ ಕಾರ್ಡಿನವರೂ ದೊಡ್ಡ ಚಿತ್ರ ಮಾಡಬಹುದು. ಆದರೆ ಪ್ರತಿ ತುಂಡಿಗೂ ಪೂರ್ತಿ ಪ್ರಾಂಪ್ಟ್ ಹೋಗುತ್ತದೆ ಅನ್ನುವುದು ನೆನಪಿರಲಿ. "ಕಾಫಿ ಕುಯ್ಯುವ ಹೆಂಗಸು" ಎಂದು ಇಟ್ಟು ಡಿನಾಯ್ಸಿಂಗ್ ಏರಿಸಿದರೆ ಆಕಾಶದ ತುಂಡಿನಲ್ಲೂ ಒಬ್ಬ ಹೆಂಗಸು ಇಣುಕುತ್ತಾಳೆ. 0.2ರ ಆಚೀಚೆ ಇಡಿ, ಪ್ರಾಂಪ್ಟಿನಿಂದ ಮನುಷ್ಯರನ್ನು ತೆಗೆದು ಬರೀ ಬೆಳಕು, ಶೈಲಿಯ ಮಾತು ಉಳಿಸಿ. ಕಂಟ್ರೋಲ್‌ನೆಟ್ಟಿನ ಟೈಲ್ ಮಾಡೆಲ್ ಜತೆಗಿದ್ದರೆ ಅದು ಮೂಲ ಚಿತ್ರಕ್ಕೆ ಕಟ್ಟಿ ಹಿಡಿಯುತ್ತದೆ, ತುಂಡುಗಳು ಹದ್ದು ಮೀರುವುದಿಲ್ಲ, ಆಗ ಇನ್ನೂ ಏರಿಸಬಹುದು. ಸಮಯ ಮಾತ್ರ ತಿನ್ನುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತೋ ಗೊತ್ತಿಲ್ಲ. ಒಮ್ಮೆ ಅರವತ್ತು ತುಂಡಿನಲ್ಲಿ ಐವತ್ತು ಮುಗಿದಾಗ ಹೋಯಿತು, ಲ್ಯಾಪ್‌ಟಾಪಿನ ಬ್ಯಾಟರಿಯೂ ಹಿಂದೆಯೇ ಹೋಯಿತು. ಮತ್ತೆ ಒಂದರಿಂದ ಶುರು.

ಕಂಫಿ ಯುಐನಲ್ಲಿ ಹೈರೆಸ್ ಫಿಕ್ಸ್ ಅನ್ನುವ ಗುಂಡಿ ಇಲ್ಲ, ನೀವೇ ಕಟ್ಟಬೇಕು. ಎರಡು `KSampler` ನಡುವೆ `Upscale Latent By` ಇಟ್ಟರೆ ಅದು ಲೇಟೆಂಟ್ ದಾರಿ. ಅದರ ಬದಲು `VAE Decode`, `Upscale Image (using Model)`, `VAE Encode` ಈ ಮೂರನ್ನು ಸಾಲಾಗಿ ಇಟ್ಟರೆ ಇಎಸ್‌ಆರ್‌ಗ್ಯಾನ್ ದಾರಿ. ಇಲ್ಲಿ 4 ಪಟ್ಟಿನ ಮಾಡೆಲ್ ನಿಜವಾಗಿಯೂ ನಾಲ್ಕು ಪಟ್ಟು ಮಾಡಿಬಿಡುತ್ತದೆ. ಎರಡನೇ `KSampler` ಮೊದಲು ಅಳತೆ ಇಳಿಸುವ ನೋಡ್ ಮರೆಯಬೇಡಿ. ವೆಬ್ ಯುಐ ಆ ಇಳಿಸುವ ಕೆಲಸ ತಾನೇ ಮಾಡಿಕೊಳ್ಳುತ್ತದೆ.

ಹಾಗಾದರೆ ಯಾರಿಗೆ ಯಾವುದು?

ನಾನು ಮಾಡುವುದು ಎರಡನ್ನೂ, ಒಂದರ ಹಿಂದೆ ಒಂದು. ಇವು ಎದುರಾಳಿಗಳು ಅಂದುಕೊಳ್ಳುವುದೇ ಗೊಂದಲಕ್ಕೆ ಕಾರಣ. ಹೈರೆಸ್ ಬಿಡಿಸುತ್ತದೆ, ಬೇರೆ ಹೆಜ್ಜೆ ಹಿಗ್ಗಿಸುತ್ತದೆ. ಮೊದಲು ಹೈರೆಸ್ ಟಿಕ್ ತೆಗೆದು ಚಿಕ್ಕ ಚಿತ್ರಗಳನ್ನು ರಾಶಿ ಮಾಡುತ್ತೇನೆ. ಇಪ್ಪತ್ತು ಚಿತ್ರ ಮೂರ್ನಾಲ್ಕು ನಿಮಿಷಕ್ಕೆ ಆಗುತ್ತದೆ. ಹತ್ತೊಂಬತ್ತನ್ನು ಬಿಸಾಡುವುದೇ ಆದ್ದರಿಂದ ಅವಕ್ಕೆ ಹೈರೆಸ್ ಸಮಯ ಸುರಿಯುವುದು ದಂಡ. ಇಷ್ಟವಾದದ್ದರ ಸೀಡ್ ಇಟ್ಟುಕೊಂಡು, ಬೇರೆ ಏನನ್ನೂ ಮುಟ್ಟದೆ, ಹೈರೆಸ್ ಟಿಕ್ ಮಾಡಿ ಮತ್ತೆ ಓಡಿಸಿದರೆ ಮೊದಲ ಸುತ್ತಿನಲ್ಲಿ ಅದೇ ಚಿತ್ರ ಬಂದು ಅದರ ಮೇಲೆ ಎರಡನೇ ಸುತ್ತು ನಡೆಯುತ್ತದೆ. ಕೊನೆಗೆ ಅಳತೆ ಇನ್ನೂ ಸಾಲದಿದ್ದರೆ `Extras`.

ಮುಖ ಇರುವ ಚಿತ್ರ, ಕಾರ್ಡ್ 6 ಜಿಬಿ ಅಥವಾ ಮೇಲೆ ಇದ್ದರೆ ಹೀಗೇ ಮಾಡಿ. 4 ಜಿಬಿ ಇದ್ದರೆ ಹೈರೆಸ್ ಒಂದೂವರೆ ಪಟ್ಟಿಗೆ ನಿಲ್ಲಿಸಿ ಉಳಿದದ್ದನ್ನು `Extras` ಮೇಲೆ ಬಿಡಿ. ಕಾರ್ಡೇ ಇಲ್ಲದೆ ಎಲ್ಲೋ ಆನ್‌ಲೈನಿನಲ್ಲಿ ಮಾಡಿಸಿದ ಚಿತ್ರ ಆದರೆ ಬೇರೆ ಹೆಜ್ಜೆಯೇ ಗತಿ, ಆಗ ಮುಖ ದೊಡ್ಡದಾಗಿ ಬಂದಿರುವ ಚಿತ್ರವನ್ನೇ ಆರಿಸಿ. ಫ್ಲೆಕ್ಸ್ ಬ್ಯಾನರ್ ಅಂದರೆ ಹೆದರಬೇಡಿ. ದೂರದಿಂದ ನೋಡುವ 6×4 ಅಡಿಯದಕ್ಕೆ ಇಂಚಿಗೆ 72 ಸಾಕು, ಅಂದರೆ 5184×3456. ಹೈರೆಸ್ ಮಾಡಿದ 1536×1024ರ ಅಡ್ಡ ಚಿತ್ರವನ್ನು ನಾಲ್ಕು ಪಟ್ಟು ಮಾಡಿದರೆ ಅದಕ್ಕಿಂತ ಜಾಸ್ತಿಯೇ ಆಗುತ್ತದೆ. ಅಲ್ಲಿ ಪ್ಲಾಸ್ಟಿಕ್ ನುಣುಪು ಯಾರ ಕಣ್ಣಿಗೂ ಬೀಳುವುದಿಲ್ಲ. ಅಕ್ಷರಗಳನ್ನು ಮಾತ್ರ ಯಾವ ದಾರಿಯಲ್ಲೂ ಚಿತ್ರದ ಒಳಗೆ ಬರೆಸಬೇಡಿ. ಹೈರೆಸ್ ಅದನ್ನು ಇನ್ನೊಂದು ತಪ್ಪಾಗಿ ತಿದ್ದುತ್ತದೆ, ಇಎಸ್‌ಆರ್‌ಗ್ಯಾನ್ ಅದೇ ತಪ್ಪನ್ನು ಹರಿತ ಮಾಡುತ್ತದೆ. ಆಮೇಲೆ ಇಂಕ್‌ಸ್ಕೇಪಿನಲ್ಲಿ ಹಾಕಿಕೊಳ್ಳಿ.

ಗೆಳೆಯನ ಲೇಬಲ್ಲಿಗೆ ಕೊನೆಗೆ ನಿಂತ ಲೆಕ್ಕ ಇದು:

```
Steps: 25, Sampler: DPM++ 2M Karras, CFG scale: 6,
Size: 512x768, Denoising strength: 0.35,
Hires upscale: 2, Hires steps: 15, Hires upscaler: R-ESRGAN 4x+
```

ಇದರಿಂದ 1024×1536 ಬಂತು. ಬ್ಲೀಡ್ ಬೇಡ ಅಂದಿದ್ದರೆ ಇಂಚಿಗೆ 260 ಪಿಕ್ಸೆಲ್ ಬೀಳುತ್ತಿತ್ತು, ಮ್ಯಾಟ್ ಕಾಗದಕ್ಕೆ ಅಷ್ಟೇ ಸಾಕಿತ್ತು. ಬ್ಲೀಡ್ ಬೇಕಿದ್ದರಿಂದ `Extras` ಒಳಗೆ `Resize` 1.25 ಇಟ್ಟು 1280×1920 ಮಾಡಿ, ಪ್ರೆಸ್ಸಿನವರ ಅಳತೆಗೆ ಕತ್ತರಿಸಿ ಕೊಟ್ಟೆವು. ಇಷ್ಟು ಸಣ್ಣ ಹಿಗ್ಗಿಗೆ ಮರದ ಬೊಡ್ಡೆ ಪೈಪ್ ಆಗಲಿಲ್ಲ.

ಪ್ರೆಸ್ಸಿನವರು ಒಂದು ಸ್ಯಾಂಪಲ್ ತೆಗೆದು ಕೊಟ್ಟರು. ಗೆಳೆಯ ಅದನ್ನು ಮನೆಗೆ ಒಯ್ದು ಅವ್ವನ ಕೈಗಿಟ್ಟ. ಅವರು ಕನ್ನಡಕ ಹಾಕಿಕೊಂಡು ಹೆಂಗಸಿನ ಮುಖ ನೋಡಲೇ ಇಲ್ಲವಂತೆ. ರೆಕ್ಕೆಯ ಮೇಲೆ ಬೆರಳಿಟ್ಟು, "ಇವೆರಡು ಇನ್ನೂ ಹಣ್ಣಾಗಿಲ್ಲ, ಇವಳು ಅದನ್ನೂ ಸೇರಿಸಿ ಕುಯ್ತಾಳೇನೋ ನೋಡು" ಎಂದರಂತೆ.